ಕೂಡುವಾಗ ಒಂದೊಂದು, ಕಳೆಯುವಾಗ ಅರ್ಧರ್ಧ

ಜುಲೈ ಕೊನೆಯ ವಾರ ವಲಾಂಡಿಗೆ ಹೋದರೆ ನಮ್ಮ ಕಾಕಾನ ಮಗನ ಅಂಗಡಿಯಲ್ಲಿ ಕೂಡಲು ಜಾಗ ಸಿಗುವುದಿಲ್ಲ. ಸೋಯಾಬೀನ್ ಬಿತ್ತಿದವರೆಲ್ಲ ಪೀಕವಿಮಾದ ಅರ್ಜಿ ತುಂಬಿಸಲು ಸಾತಬಾರಾ, ಬ್ಯಾಂಕಿನ ಪಾಸ್‌ಬುಕ್ ಹಿಡಿದು ಬಂದಿರುತ್ತಾರೆ. ಅರ್ಜಿ ಮರಾಠಿಯಲ್ಲಿ, ಗೊಣಗಾಟ ಕನ್ನಡದಲ್ಲಿ. ಅಂಗಡಿಯಲ್ಲಿ ಮೂರು ಕಂಪ್ಯೂಟರ್, ಒಂದು ಝೆರಾಕ್ಸ್ ಮಷೀನು, ಹತ್ತು ಎಂಬಿಪಿಎಸ್‌ನ ಒಂದೇ ಲೈನು. ಆ ದಿನ ಒಂದನೇ ಕಂಪ್ಯೂಟರ್ ಮೇಲೆ ಅರ್ಜಿಯ ಪುಟಗಳು ತೆರೆಯುತ್ತಿದ್ದವು, ಅಥವಾ ತೆರೆಯದೆ ಸತಾಯಿಸುತ್ತಿದ್ದವು. ಎರಡನೆಯದರಲ್ಲಿ ಅವನು ಬೆರಳಚ್ಚಿನ ಯಂತ್ರದ ಹೊಸ ಸಾಫ್ಟ್‌ವೇರ್ ಇಳಿಸುತ್ತಿದ್ದ. ಮೂಲೆಯ ಮೂರನೆಯದರಲ್ಲಿ ಕಾಲೇಜಿನ ಹುಡುಗನೊಬ್ಬ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಡೌನ್‌ಲೋಡ್ ಮ್ಯಾನೇಜರ್ ಹಾಕಿಕೊಂಡು ದೊಡ್ಡದೊಂದು ಫೈಲು ಇಳಿಸುತ್ತಿದ್ದ.

"ಅಣ್ಣಾ, ಲೈನ್ ಹತ್ತರದ್ ಅದ, ನನಗ್ ಒಂದರ ಮ್ಯಾಲ ಬರ್ಲತ್ತಿಲ್ಲ ನೋಡು. ನಡುವೆ ಯಾರೋ ಕದಿಲತ್ತಾರ" ಅಂದ ತಮ್ಮ.

ನಡುವೆ ಯಾರೂ ಕದ್ದಿರಲಿಲ್ಲ. ಲೈನಿನ ಹತ್ತೂ ಎಂಬಿಪಿಎಸ್ ಅಂಗಡಿಯ ಒಳಗೇ ಬರುತ್ತಿದ್ದವು. ಹುಡುಗನ ಡೌನ್‌ಲೋಡ್ ಮ್ಯಾನೇಜರ್ ಒಂದೇ ಫೈಲನ್ನು ಎಂಟು ತುಂಡು ಮಾಡಿ ಎಂಟು ಕನೆಕ್ಷನ್‌ಗಳಲ್ಲಿ ತರುತ್ತಿತ್ತು. ತಮ್ಮನದು ಒಂದೇ ಕನೆಕ್ಷನ್. ಒಟ್ಟು ಒಂಬತ್ತು. ಹತ್ತನ್ನು ಒಂಬತ್ತು ಪಾಲು ಮಾಡಿದರೆ ಒಂದಕ್ಕೆ 1.1. ತಮ್ಮನಿಗೆ ಸಿಕ್ಕಿದ್ದು ಅಷ್ಟೇ, ಹುಡುಗನಿಗೆ ಹೆಚ್ಚುಕಡಿಮೆ ಒಂಬತ್ತು. ಇದರಲ್ಲಿ ಅನ್ಯಾಯ ಎಲ್ಲಿ ನಡೆಯಿತು ಎಂದು ಹುಡುಕಲು ಹೊರಟರೆ ಮೊದಲು ಎದುರಾಗುವುದು ಒಂದು ವಿಚಿತ್ರ. ಲೈನನ್ನು ಹಂಚುವ ನಿಯಮ ಆ ಹೊತ್ತಿನಲ್ಲಿ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ಒಂಬತ್ತು ಕನೆಕ್ಷನ್‌ಗಳಿಗೂ ಸಮಪಾಲು ಕೊಟ್ಟಿತ್ತು.

ಆ ನಿಯಮದ ಹೆಸರು ಟಿಸಿಪಿಯ ದಟ್ಟಣೆ ನಿಯಂತ್ರಣ. ಅದು ಚೆನ್ನಾಗಿ ಹಂಚುತ್ತದೆ ಎಂಬುದು ನಿಜ. ಆದರೆ ಯಾರ್ಯಾರ ನಡುವೆ ಹಂಚುತ್ತದೆ ಎಂಬ ಪ್ರಶ್ನೆಯನ್ನು ಅದು ಎಂದೂ ಕೇಳಿಕೊಂಡಿಲ್ಲ ಎಂಬುದು ನನ್ನ ತಕರಾರು. ಅದನ್ನು ಹೇಳುವ ಮುಂಚೆ, ಯಾರೂ ಹಂಚದೆ ಹಂಚಿಕೆ ಆಗುವುದು ಹೇಗೆ ಎಂಬುದನ್ನು ನೋಡಬೇಕು. ಅದೊಂದು ಸೊಗಸಾದ ಲೆಕ್ಕ.

ಕಾಲುವೆಯ ನೀರಾದರೆ ಪಾಳಿ ಇರುತ್ತದೆ, ಪಾಳಿ ನೋಡಿಕೊಳ್ಳಲು ಒಬ್ಬ ಮನುಷ್ಯ ಇರುತ್ತಾನೆ. 2016ರ ಬೇಸಿಗೆಯಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದಾಗಲೂ ಅದನ್ನು ಹಂಚಲು ಒಂದು ಆಡಳಿತ ಇತ್ತು. ಇಂಟರ್ನೆಟ್ಟಿನ ಇಕ್ಕಟ್ಟಾದ ಲೈನಿನ ಬಾಯಲ್ಲಿ ಅಂಥವರು ಯಾರೂ ಇಲ್ಲ. ಅಲ್ಲಿರುವ ರೌಟರ್‌ಗೆ ಗೊತ್ತಿರುವುದು ಒಂದೇ ಕೆಲಸ: ಬಂದ ಪ್ಯಾಕೆಟ್ಟನ್ನು ಸಾಲಿನಲ್ಲಿ ನಿಲ್ಲಿಸುವುದು, ಮುಂದಿನದನ್ನು ಲೈನಿಗೆ ಬಿಡುವುದು. ಸಾಲು ತುಂಬಿದ್ದರೆ ಹೊಸದಾಗಿ ಬಂದದ್ದನ್ನು ಬಿಸಾಡುವುದು. ಯಾರದು, ಎಷ್ಟನೆಯದು ಎಂದು ಅದು ಕೇಳುವುದಿಲ್ಲ. ಕಳಿಸುವ ಸರ್ವರ್‌ಗಳಲ್ಲಿ ಒಂದರ ಇರವು ಇನ್ನೊಂದಕ್ಕೆ ತಿಳಿದಿಲ್ಲ. ಒಂದು ಮುಂಬಯಿಯಲ್ಲಿರಬಹುದು, ಇನ್ನೊಂದು ಅಮೆರಿಕದಲ್ಲಿ. ಅವಕ್ಕೆ ಸಿಗುವ ಸುದ್ದಿ ಎರಡೇ: ಕಳಿಸಿದ್ದು ಮುಟ್ಟಿತು, ಇಲ್ಲವೇ ಮುಟ್ಟಲಿಲ್ಲ.

ಇಷ್ಟು ಸುದ್ದಿಯನ್ನೂ ಸರಿಯಾಗಿ ಬಳಸಿಕೊಳ್ಳದೆ ಹೋದರೆ ಏನಾಗುತ್ತದೆ ಎಂಬುದು 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಡಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದ ದೂರ 400 ಗಜ, ನಮ್ಮ ಲೆಕ್ಕದಲ್ಲಿ ಒಂದು ಹೊಲ ದಾಟಿದಷ್ಟು. ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಆ ಹಾದಿಯಲ್ಲಿ ಒಮ್ಮೆಲೇ 40 ಬಿಟ್ ಸಾಗತೊಡಗಿತು. ತಂತಿ ಕಡಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಎಲ್ಲ ಯಂತ್ರಗಳೂ ತಮಗೆ ತೋಚಿದಷ್ಟು ಪ್ಯಾಕೆಟ್ ಒಮ್ಮೆಗೇ ಸುರಿಯುತ್ತಿದ್ದವು. ಸಾಲು ಉದ್ದವಾಗಿ ಉತ್ತರ ತಡವಾದರೆ, ಕಳೆದುಹೋಯಿತೆಂದುಕೊಂಡು ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸುತ್ತಿದ್ದವು. ಲೈನು ಪೂರ್ತಿ ದುಡಿಯುತ್ತಿತ್ತು, ಆದರೆ ಸಾಗಿಸುತ್ತಿದ್ದುದರಲ್ಲಿ ಬಹುಪಾಲು ಒಮ್ಮೆ ಹೋದದ್ದೇ. ಹೀಗಾಗಬಹುದೆಂದು ಜಾನ್ ನೇಗಲ್ 1984ರಲ್ಲೇ ಬರೆದು ಎಚ್ಚರಿಸಿದ್ದರು. ಪ್ರಯೋಗಾಲಯದಲ್ಲಿದ್ದ ವ್ಯಾನ್ ಜೇಕಬ್‌ಸನ್ ಇದರ ಬೆನ್ನು ಹತ್ತಿ, ಮೈಕ್ ಕ್ಯಾರೆಲ್ಸ್ ಜೊತೆ ಸೇರಿ ಬರ್ಕ್ಲಿ ಯುನಿಕ್ಸ್‌ನ ಟಿಸಿಪಿಯನ್ನು ತಿದ್ದಿದರು. 1988ರಲ್ಲಿ ಪ್ರಕಟವಾದ ಅವರ ಪ್ರಬಂಧದ ನೆರಳಿನಲ್ಲೇ ಇವತ್ತಿಗೂ ನಮ್ಮ ಫೋನುಗಳು ಮಾತಾಡುತ್ತಿವೆ.

ಜೇಕಬ್‌ಸನ್ ಹಿಡಿದುಕೊಂಡ ಎಳೆ ಸರಳವಾಗಿತ್ತು. ಲೈನು ಒಮ್ಮೆ ತುಂಬಿ ಹರಿಯುತ್ತಿದ್ದರೆ, ಒಂದು ಪ್ಯಾಕೆಟ್ ಹೊರಗೆ ಹೋದ ಮೇಲೆಯೇ ಇನ್ನೊಂದನ್ನು ಒಳಗೆ ಬಿಡಬೇಕು. ಹೊರಗೆ ಹೋಯಿತೆಂದು ತಿಳಿಯುವುದು ಹೇಗೆ? ಆಚೆ ತುದಿಯಿಂದ 'ಮುಟ್ಟಿತು' ಎಂಬ ಉತ್ತರ ಬರುತ್ತದಲ್ಲ, ಅದರಿಂದ. ಇಕ್ಕಟ್ಟಿನ ಲೈನು ಎಷ್ಟು ವೇಗದಲ್ಲಿ ಪ್ಯಾಕೆಟ್ ಬಿಡುತ್ತದೋ ಅಷ್ಟೇ ವೇಗದಲ್ಲಿ ಉತ್ತರಗಳು ಮರಳುತ್ತವೆ. ಕಳಿಸುವವನು ಆ ಉತ್ತರಗಳ ತಾಳಕ್ಕೆ ಹೆಜ್ಜೆ ಹಾಕಿದರೆ ಸಾಕು, ಬೇರೆ ಗಡಿಯಾರ ಬೇಡ. ತೊಂದರೆ ಇರುವುದು ಶುರುವಿನಲ್ಲಿ. ಇನ್ನೂ ಏನೂ ಕಳಿಸಿಲ್ಲ, ಆದ್ದರಿಂದ ಉತ್ತರವಿಲ್ಲ, ತಾಳವೂ ಇಲ್ಲ. ತಾಳ ಹಿಡಿಯುವವರೆಗಿನ ವಿಧಾನಕ್ಕೆ ಸ್ಲೋ ಸ್ಟಾರ್ಟ್ ಎಂದು ಹೆಸರು.

ಮೊದಲು ಒಂದು ಪ್ಯಾಕೆಟ್ ಕಳಿಸು. ಉತ್ತರ ಬಂದರೆ ಎರಡು. ಪ್ರತಿ ಉತ್ತರಕ್ಕೂ ಮಿತಿಯನ್ನು ಒಂದರಂತೆ ಏರಿಸುತ್ತ ಹೋದರೆ ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಉತ್ತರ ಬರುವ ಮುಂಚೆ ಎಷ್ಟು ಪ್ಯಾಕೆಟ್ ದಾರಿಯಲ್ಲಿರಬಹುದು ಎಂಬ ಈ ಮಿತಿಗೆ ವಿಂಡೋ ಎನ್ನುತ್ತಾರೆ. ವಲಾಂಡಿಯ ಲೈನಿಗೆ ಇದನ್ನು ಅಳವಡಿಸಿ ನೋಡೋಣ. ವೇಗ ಹತ್ತು ಎಂಬಿಪಿಎಸ್, ಸರ್ವರ್‌ಗೆ ಹೋಗಿಬರಲು 60 ಮಿಲಿಸೆಕೆಂಡ್. ಅಷ್ಟು ಹೊತ್ತಿನಲ್ಲಿ ಲೈನು ಸಾಗಿಸಬಲ್ಲದ್ದು 6 ಲಕ್ಷ ಬಿಟ್, ಅಂದರೆ 75,000 ಬೈಟ್. ಒಂದು ಪ್ಯಾಕೆಟ್ 1,500 ಬೈಟ್ ಎಂದರೆ 50 ಪ್ಯಾಕೆಟ್. ಐವತ್ತು ಪ್ಯಾಕೆಟ್ ಸದಾ ದಾರಿಯಲ್ಲಿದ್ದರೆ ಈ ಲೈನು ತುಂಬಿದಂತೆ. ಹೋಗಿಬರುವ ಪ್ರತಿ ಸುತ್ತಿಗೆ ಒಂದೊಂದೇ ಏರಿಸುತ್ತ ಹೋದರೆ ಐವತ್ತು ಮುಟ್ಟಲು ಮೂರು ಸೆಕೆಂಡು ಬೇಕು. ಇಮ್ಮಡಿಸುತ್ತ ಹೋದರೆ ಆರೇ ಸುತ್ತು, 360 ಮಿಲಿಸೆಕೆಂಡ್. ಇಷ್ಟು ವೇಗದ್ದಕ್ಕೆ 'ನಿಧಾನದ ಶುರು' ಎಂದು ಹೆಸರಿಟ್ಟವರ ಮೇಲೆ ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಸಿಟ್ಟು ಬರುತ್ತದೆ. ಮುಂಚಿನ ಪದ್ಧತಿಗೆ ಹೋಲಿಸಿದರೆ ಮಾತ್ರ ಆ ಹೆಸರಿಗೆ ಅರ್ಥ. ಮುಂಚೆ ಇಡೀ ಮೂಟೆಯನ್ನು ಒಮ್ಮೆಗೇ ಸುರಿಯುತ್ತಿದ್ದರು. ಈಗಂತೂ ಒಂದರಿಂದಲೂ ಶುರು ಮಾಡುವುದಿಲ್ಲ. 2013ರ ಪ್ರಾಯೋಗಿಕ ಶಿಫಾರಸಿನಂತೆ ಮೊದಲ ಕಂತೇ ಹತ್ತು ಪ್ಯಾಕೆಟ್.

ಇಮ್ಮಡಿಸುತ್ತ ಹೋದರೆ ಒಂದು ಹಂತದಲ್ಲಿ ಲೈನು ತುಂಬುತ್ತದೆ, ಆಮೇಲೆ ರೌಟರಿನ ಸಾಲು ತುಂಬುತ್ತದೆ, ಆಮೇಲೆ ಪ್ಯಾಕೆಟ್ ಬೀಳುತ್ತದೆ. ಬಿದ್ದದ್ದೇ ಸಂಕೇತ. ಅಲ್ಲಿಂದ ನಿಯಮ ಬದಲಾಗುತ್ತದೆ. ಬಿದ್ದರೆ ವಿಂಡೋವನ್ನು ಅರ್ಧಕ್ಕಿಳಿಸು. ಬೀಳದಿದ್ದರೆ ಸುತ್ತಿಗೆ ಒಂದೇ ಒಂದು ಪ್ಯಾಕೆಟ್ ಏರಿಸು. ಕೂಡುವುದು ಒಂದೊಂದು, ಕಳೆಯುವುದು ಅರ್ಧರ್ಧ. ನ್ಯಾಯದ ಹೆಸರೇ ಎತ್ತದ ಈ ಎರಡು ವಾಕ್ಯಗಳ ಒಳಗೆ ನ್ಯಾಯ ಅಡಗಿ ಕೂತಿದೆ.

ಅದು ಹೊರಬರುವುದನ್ನು ಅಂಕಿಗಳಲ್ಲೇ ನೋಡಬೇಕು. ನಮ್ಮ ಲೈನಿನಲ್ಲಿ 50 ಪ್ಯಾಕೆಟ್ ಹಿಡಿಸುತ್ತದೆ, ರೌಟರಿನ ಸಾಲಿನಲ್ಲಿ 10 ನಿಲ್ಲಬಹುದು ಎಂದುಕೊಳ್ಳಿ. ಎಲ್ಲ ಸೇರಿ 60 ಮುಟ್ಟಿದಾಗ ಪ್ಯಾಕೆಟ್ ಬೀಳುತ್ತದೆ. ತಮ್ಮನ ಡೌನ್‌ಲೋಡು ಮೊದಲಿನಿಂದಲೂ ಒಂಟಿಯಾಗಿ ನಡೆಯುತ್ತಿದ್ದು 50 ಹಿಡಿದಿದೆ. ಹುಡುಗ ಈಗಷ್ಟೇ ಬಂದು, ಸದ್ಯಕ್ಕೆ ಒಂದೇ ಕನೆಕ್ಷನ್ನಿನಲ್ಲಿ, 10ಕ್ಕೆ ಏರಿದ್ದಾನೆ. ಸೇರಿದರೆ 60, ಸಾಲು ತುಂಬಿತು, ಇಬ್ಬರ ಪ್ಯಾಕೆಟ್ಟೂ ಬಿತ್ತು. ಇಬ್ಬರೂ ಅರ್ಧಕ್ಕಿಳಿದರು: 25 ಮತ್ತು 5. ಇಳಿದದ್ದು ಒಂದೇ ನಿಯಮದಿಂದ, ಆದರೆ ಕಳೆದುಕೊಂಡದ್ದು ಒಬ್ಬನು 25, ಇನ್ನೊಬ್ಬನು 5. ಈಗ ಮತ್ತೆ ಏರುವ ಸರದಿ. ಒಟ್ಟು 30 ಇದ್ದದ್ದು 60 ಆಗಲು ಹದಿನೈದು ಸುತ್ತು ಬೇಕು, ಪ್ರತಿ ಸುತ್ತಿಗೆ ಇಬ್ಬರಿಗೂ ಒಂದೊಂದು. ಆಗ 40 ಮತ್ತು 20. ಮತ್ತೆ ಬಿತ್ತು: 20, 10. ಮತ್ತೆ ಏರಿತು: 35, 25. ಮುಂದಿನ ಸಲ 32.5, 27.5. ಅದರ ಮುಂದಿನ ಸಲ 31.25, 28.75.

ಇಬ್ಬರ ನಡುವಿನ ಅಂತರವನ್ನಷ್ಟೇ ಗಮನಿಸಿ. 40 ಇದ್ದದ್ದು 20 ಆಯಿತು, 10 ಆಯಿತು, 5 ಆಯಿತು, 2.5 ಆಯಿತು. ಕೂಡುವಾಗ ಇಬ್ಬರಿಗೂ ಸಮನಾಗಿ ಸಿಗುವುದರಿಂದ ಅಂತರ ಇದ್ದಷ್ಟೇ ಇರುತ್ತದೆ. ಕಳೆಯುವಾಗ ಹೆಚ್ಚು ಇದ್ದವನು ಹೆಚ್ಚು ಕಳೆದುಕೊಳ್ಳುವುದರಿಂದ ಅಂತರವೂ ಅರ್ಧವಾಗುತ್ತದೆ. ಒಂದು ಏರಿಳಿತಕ್ಕೆ ಹದಿನೈದು ಸುತ್ತು, ಅಂದರೆ ಸುಮಾರು ಒಂದು ಸೆಕೆಂಡು. ನಾಲ್ಕು ಸೆಕೆಂಡಿನಲ್ಲಿ ಮೊದಲು ಬಂದವನೂ ತಡವಾಗಿ ಬಂದವನೂ ಸರಿಸಮ. ಒಬ್ಬನಿಗೆ ಇನ್ನೊಬ್ಬನು ಇರುವುದೇ ಗೊತ್ತಿಲ್ಲ, ಯಾರೂ ಯಾರಿಗೂ ಉದಾರಿಯಾಗಿಲ್ಲ. ಲೆಕ್ಕವೇ ಸಮ ಮಾಡಿತು. ಇಲ್ಲಿ ಇಬ್ಬರ ಪ್ಯಾಕೆಟ್ಟೂ ಒಟ್ಟಿಗೇ ಬೀಳುತ್ತದೆಂದು ಹಿಡಿದಿದ್ದೇನೆ. ನಿಜವಾಗಿ ಕೆಲವು ಸಲ ಒಬ್ಬನದೇ ಬೀಳುತ್ತದೆ. ಆದರೆ ಸಾಲಿನಲ್ಲಿ ಯಾರ ಪ್ಯಾಕೆಟ್ ಹೆಚ್ಚಿದೆಯೋ ಅವನದೇ ಬೀಳುವ ಸಂಭವ ಹೆಚ್ಚಾದ್ದರಿಂದ, ಆ ಗೊಂದಲವೂ ಬಡವನ ಕಡೆಗೇ ವಾಲುತ್ತದೆ.

ಬೇರೆ ನಿಯಮ ಆಗುತ್ತಿರಲಿಲ್ಲವೇ ಎಂದು ಕೇಳಬೇಕು. ಏರುವಾಗಲೂ ಇಳಿಯುವಾಗಲೂ ಇಬ್ಬರಿಗೂ ಸಮನಾದ ಸಂಖ್ಯೆಯನ್ನೇ ಕೂಡಿ ಕಳೆದರೆ, 45 ಮತ್ತು 15 ಇದ್ದವರು 35 ಮತ್ತು 5 ಆಗುತ್ತಾರೆ, ಮತ್ತೆ 45 ಮತ್ತು 15. ಮೂವತ್ತರ ಅಂತರ ಕೊನೆಯವರೆಗೂ ಹಾಗೇ. ಏರುವಾಗಲೂ ಪಟ್ಟು, ಇಳಿಯುವಾಗಲೂ ಪಟ್ಟು ಎಂದರೆ ಮೂರಕ್ಕೊಂದು ಎಂಬ ಅನುಪಾತ ಕೊನೆಯವರೆಗೂ ಹಾಗೇ. ಏರುವುದು ಪಟ್ಟಿನಲ್ಲಿ, ಇಳಿಯುವುದು ಸಮಸಂಖ್ಯೆಯಲ್ಲಿ ಎಂದರೆ ಇದ್ದವನು ಇನ್ನಷ್ಟು ಬೆಳೆಯುತ್ತಾನೆ, ಊರಿನ ಬಡ್ಡಿ ಲೇವಾದೇವಿಯ ಹಾಗೆ. ಕೂಡುವುದು ಸಮ, ಕಳೆಯುವುದು ಪಟ್ಟು ಎಂಬ ಜೋಡಿಯೊಂದೇ ಸಮಪಾಲಿಗೆ ತಂದು ಮುಟ್ಟಿಸುತ್ತದೆ. ಇದನ್ನು ಗಣಿತದಿಂದ ತೋರಿಸಿದವರು ಡಾ-ಮಿಂಗ್ ಚಿಯು ಮತ್ತು ರಾಜ್ ಜೈನ್, 1989ರಲ್ಲಿ. ರಾಜ್ ಜೈನ್ ಆಗ ಡಿಜಿಟಲ್ ಇಕ್ವಿಪ್ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದರು. ಅಲ್ಲೇ ಕೆ. ಕೆ. ರಾಮಕೃಷ್ಣನ್ ಅವರೊಂದಿಗೆ ಸೇರಿ ಇನ್ನೊಂದು ದಾರಿಯನ್ನೂ ಕಟ್ಟಿದ್ದರು: ಪ್ಯಾಕೆಟ್ ಬಿಸಾಡಿ ಸುದ್ದಿ ಮುಟ್ಟಿಸುವ ಬದಲು, ಸಾಲು ಬೆಳೆದಾಗ ಪ್ಯಾಕೆಟ್ಟಿನ ತಲೆಯಲ್ಲಿ ಒಂದು ಬಿಟ್ ಗುರುತು ಹಾಕಿ ಕಳಿಸುವುದು. ಅದರಲ್ಲೂ ಏರಿಕೆ ಒಂದೊಂದೇ, ಇಳಿಕೆ ಮಾತ್ರ ಎಂಟರಲ್ಲೊಂದು ಭಾಗ. ಜೈನ್, ರಾಮಕೃಷ್ಣನ್ ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಹೋದವರು. ನಮ್ಮಲ್ಲಿ ಆ ಸಂಸ್ಥೆಯ ಬಗ್ಗೆ ಬರೆಯುವವರು ಈ ಮಾತನ್ನು ಯಾಕೋ ಬಿಟ್ಟೇ ಬಿಡುತ್ತಾರೆ.

ಅಂಗಡಿಯಲ್ಲಿ ಕೂತು ತಮ್ಮನಿಗೆ ಇದನ್ನು ತೋರಿಸಬೇಕಿತ್ತು. ಇಲ್ಲೊಂದು ಸೂಕ್ಷ್ಮ ಇದೆ. ವಿಂಡೋ ಇರುವುದು ಕಳಿಸುವವನ ಕೈಯಲ್ಲಿ, ಪಡೆಯುವವನ ಯಂತ್ರದಲ್ಲಿ ಹುಡುಕಿದರೆ ಕಾಣುವುದಿಲ್ಲ. ನನ್ನದೇ ಒಂದು ಬಾಡಿಗೆ ಸರ್ವರ್ ಇದೆ. ಅದರಿಂದ ಅಂಗಡಿಗೆ ಒಂದು ಫೈಲು ಕಳಿಸುತ್ತ, ಸರ್ವರ್ ಮೇಲೆ `ss -tin` ಎಂದು ಮತ್ತೆ ಮತ್ತೆ ಹೊಡೆದೆ. ಒಂದು ಸಲ ಕಂಡ ಸಾಲಿನ ತುಣುಕು ಇದು:

```
cubic rtt:61.3/1.8 mss:1448 cwnd:42 ssthresh:42
```

`cwnd` ಎಂಬುದೇ ವಿಂಡೋ. ಒಂದು ಗಳಿಗೆ ಮುಂಚೆ ಅದು 60 ಇತ್ತು, ಪ್ಯಾಕೆಟ್ ಬಿದ್ದ ಮೇಲೆ 42. "ಅರ್ಧ ಅಂದ್ರೆ ಮೂವತ್ತ್ ಆಗ್ಬೇಕಲ್ಲ?" ಎಂದು ತಮ್ಮ ಹಿಡಿದ. ಹಿಡಿಯಬೇಕಾದ ಮಾತೇ. ಸಾಲಿನ ಮೊದಲ ಪದವೇ ಅದಕ್ಕೆ ಉತ್ತರ. ಲಿನಕ್ಸ್ 2006ರಿಂದ ಕ್ಯೂಬಿಕ್ ಎಂಬ ಬಗೆಯನ್ನು ಬಳಸುತ್ತಿದೆ, ಅದು ಅರ್ಧಕ್ಕಿಳಿಯುವುದಿಲ್ಲ, ನೂರರಿಂದ ಎಪ್ಪತ್ತಕ್ಕೆ ಇಳಿಯುತ್ತದೆ. ಕಡಿಮೆ ಇಳಿದದ್ದಕ್ಕೆ ದಂಡವಾಗಿ, ನಮ್ಮಂಥ ಸಣ್ಣ ಲೈನಿನಲ್ಲಿ ಸುತ್ತಿಗೆ ಒಂದರ ಬದಲು ಅರ್ಧಕ್ಕಿಂತ ತುಸು ಹೆಚ್ಚು ಪ್ಯಾಕೆಟ್ ಮಾತ್ರ ಏರುತ್ತದೆ. ಹಳೆಯ ನಿಯಮದವರಿಗೆ ಸಿಗುವಷ್ಟೇ ಸರಾಸರಿ ತನಗೂ ಸಿಗಲಿ ಎಂದು ಲೆಕ್ಕ ಹಾಕಿ ಇಟ್ಟ ಸಂಖ್ಯೆ ಅದು. ಅಂತರ ಅರ್ಧವಾಗುವ ಬದಲು ಎಪ್ಪತ್ತು ಪಾಲಿಗೆ ಇಳಿಯುತ್ತದೆ, ಸಮವಾಗಲು ಇನ್ನಷ್ಟು ಸುತ್ತು ಬೇಕು. ದಿಕ್ಕು ಮಾತ್ರ ಅದೇ.

ಇಷ್ಟರವರೆಗೆ ಹೊಗಳಿದೆ. ಈ ಸಮಪಾಲಿಗೆ ಷರತ್ತುಗಳಿವೆ. ಮೊದಲನೆಯದು ದೂರ. ನಿಯಮ ಹೇಳುವುದು ಸೆಕೆಂಡಿಗೆ ಒಂದು ಎಂದಲ್ಲ, ಸುತ್ತಿಗೆ ಒಂದು ಎಂದು. ಮುಂಬಯಿಯ ಸರ್ವರ್‌ಗೆ ಸುತ್ತು 30 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ಅಮೆರಿಕದ್ದಕ್ಕೆ 240 ಬೇಕು ಎಂದರೆ, ಎರಡನೆಯವನು ಒಂದು ಸಲ ಏರುವಷ್ಟರಲ್ಲಿ ಮೊದಲನೆಯವನು ಎಂಟು ಸಲ ಏರಿರುತ್ತಾನೆ. ಒಂದೇ ಲೈನಿನಲ್ಲಿ ಇಬ್ಬರೂ ಸೇರಿದಾಗ ದೂರದವನಿಗೆ ಸಿಗುವುದು ಹತ್ತಿರದವನ ಎಂಟರಲ್ಲೊಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ. ದೊಡ್ಡ ಲೈನುಗಳಲ್ಲಿ ಕ್ಯೂಬಿಕ್ ಸುತ್ತಿನ ಬದಲು ಗಡಿಯಾರ ನೋಡಿ ಏರುವುದರಿಂದ ಈ ಭೇದವನ್ನು ಒಂದಿಷ್ಟು ತಗ್ಗಿಸುತ್ತದೆ. ಹಳ್ಳಿಯ ಲೈನಿನಲ್ಲಿ ಆ ಲಾಭ ಅಷ್ಟಾಗಿ ಕಾಣುವುದಿಲ್ಲ.

ಎರಡನೆಯದು ನನಗೆ ಹೆಚ್ಚು ಕಾಡುವ ಸಂಗತಿ, ಮತ್ತು ಅಂದು ಅಂಗಡಿಯ ಮುಂದಿನ ಸಾಲಿಗೆ ಕಾರಣವಾದದ್ದು. ಅರ್ಜಿಯ ಪುಟದಂಥ ಸಣ್ಣ ಕೆಲಸಗಳು ಈ ಸಮಪಾಲಿನ ಲೆಕ್ಕಕ್ಕೆ ಬಂದು ಸೇರುವುದೇ ಇಲ್ಲ. ಹತ್ತು ಪ್ಯಾಕೆಟ್ಟಿನ ಮೊದಲ ಕಂತಿನಲ್ಲಿ ಹಿಡಿಸುವುದು ಹದಿನಾಲ್ಕು ಸಾವಿರ ಬೈಟಿನ ಮೇಲೆ ಸ್ವಲ್ಪ. ಪುಟದ ಒಂದೊಂದು ತುಣುಕು ಅಷ್ಟರಲ್ಲೇ ಅಥವಾ ಮುಂದಿನ ಸುತ್ತಿನಲ್ಲೇ ಮುಗಿದುಹೋಗುತ್ತದೆ. ಅಂತರ ಅರ್ಧವಾಗುತ್ತ ಸಮವಾಗಲು ನಾಲ್ಕು ಸೆಕೆಂಡು ಬೇಕು ಎಂದೆನಲ್ಲ, ಇವುಗಳ ಆಯುಷ್ಯ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಒಂಬತ್ತು ದೊಡ್ಡ ಡೌನ್‌ಲೋಡುಗಳು ಸಾಲನ್ನು ತುಂಬಿ ಕೂತಿರುವಾಗ ಈ ಸಣ್ಣ ಪುಟ ತನ್ನ ಸ್ಲೋ ಸ್ಟಾರ್ಟ್ ಶುರು ಮಾಡುತ್ತದೆ. ಅದರ ಪ್ಯಾಕೆಟ್ ಬಿದ್ದರೆ ಪೆಟ್ಟು ದೊಡ್ಡದು. ದೊಡ್ಡ ಡೌನ್‌ಲೋಡಿನಲ್ಲಿ ಒಂದು ಬಿದ್ದರೆ, ಹಿಂದೆ ಬರುವ ಹತ್ತಾರು ಪ್ಯಾಕೆಟ್ಟುಗಳ ಉತ್ತರದಿಂದಲೇ ನಡುವಿನದು ಕಳೆದಿದೆ ಎಂದು ತಿಳಿದು ತಕ್ಷಣ ಮತ್ತೆ ಕಳಿಸುತ್ತಾರೆ. ಪುಟದ ಕೊನೆಯ ಪ್ಯಾಕೆಟ್ಟೇ ಬಿದ್ದರೆ ಹಿಂದೆ ಸುಳಿವು ಕೊಡುವವರು ಇಲ್ಲ, ಟೈಮರ್ ಮುಗಿಯುವವರೆಗೆ ಕಾಯಬೇಕು. ಕನೆಕ್ಷನ್ ಕೇಳುವ ಮೊದಲ ಪ್ಯಾಕೆಟ್ಟೇ ಬಿದ್ದರಂತೂ ಮಾನದಂಡದ ಪ್ರಕಾರ ಒಂದು ಪೂರ್ತಿ ಸೆಕೆಂಡು. ಪರದೆ ಬಿಳಿಯಾಗಿ ನಿಂತು, ಆಮೇಲೆ ಗಕ್ಕನೆ ಅರ್ಧ ಪುಟ ಬಂದು, ಮತ್ತೆ ನಿಂತರೆ ಇದೇ ಆಗಿದೆ ಎಂದು ಅನುಮಾನಿಸಬಹುದು. ಲೈನೇ ನಿಧಾನವಾಗಿದ್ದರೆ ಪುಟ ಎಳೆದುಕೊಂಡು ಬರುತ್ತದೆ, ಹೀಗೆ ಬಿಕ್ಕುವುದಿಲ್ಲ.

ಪ್ಯಾಕೆಟ್ ಬೀಳಬಾರದೆಂದು ಸಾಲನ್ನು ಉದ್ದ ಮಾಡಿದರೆ? ಬಹಳ ಕಾಲ ತಯಾರಕರು ಮಾಡಿದ್ದು ಅದನ್ನೇ. ಅದಕ್ಕೆ ಕಾರಣವೂ ಇತ್ತು. ನಮ್ಮ ಉದಾಹರಣೆಯಲ್ಲಿ ಇಬ್ಬರೂ ಅರ್ಧಕ್ಕಿಳಿದಾಗ ಒಟ್ಟು 30 ಆಗುತ್ತದೆ, ಲೈನು ತುಂಬಲು 50 ಬೇಕು. ಅಲ್ಲಿಂದ ಹತ್ತು ಸುತ್ತು ಲೈನು ಅರೆಖಾಲಿ. ಸಾಲು ಉದ್ದವಿದ್ದರೆ ಈ ನಷ್ಟ ತಪ್ಪುತ್ತದೆ. ಆದರೆ ಟಿಸಿಪಿ ಸಾಲು ತುಂಬುವವರೆಗೂ ಏರುತ್ತಲೇ ಇರುವ ಪ್ರಾಣಿ. ಇನ್ನೂರು ಪ್ಯಾಕೆಟ್ ಹಿಡಿಸುವ ಸಾಲು ಕೊಟ್ಟರೆ ಇನ್ನೂರನ್ನೂ ತುಂಬುತ್ತದೆ. ಹತ್ತು ಎಂಬಿಪಿಎಸ್ ಲೈನಿನಲ್ಲಿ ಒಂದು ಪ್ಯಾಕೆಟ್ ಹೊರಬೀಳಲು 1.2 ಮಿಲಿಸೆಕೆಂಡ್. ಇನ್ನೂರರ ಹಿಂದೆ ನಿಂತ ಅರ್ಜಿಯ ಪುಟ ಪ್ರತಿ ಸುತ್ತಿಗೂ 240 ಮಿಲಿಸೆಕೆಂಡ್ ಹೆಚ್ಚು ಕಾಯುತ್ತದೆ. ವಲಾಂಡಿಯಿಂದ ಅಮೆರಿಕಕ್ಕೆ ಹೋಗಿಬರುವಷ್ಟು ದಾರಿಯನ್ನು ಅಂಗಡಿಯ ಬಾಗಿಲಲ್ಲೇ ಹಾಸಿದಂತೆ.

ಮೂರನೆಯದು ಹುಡುಗನ ಎಂಟು ಕನೆಕ್ಷನ್. ಟಿಸಿಪಿಗೆ ಮನುಷ್ಯ ಕಾಣುವುದಿಲ್ಲ, ಯಂತ್ರವೂ ಕಾಣುವುದಿಲ್ಲ, ಕನೆಕ್ಷನ್ ಮಾತ್ರ ಕಾಣುತ್ತದೆ. ಎಂಟು ಕೈ ಚಾಚಿದವನಿಗೆ ಎಂಟು ಪಾಲು. ರೇಷನ್ ಅಂಗಡಿಯಲ್ಲಿ ಕಾರ್ಡಿನ ಲೆಕ್ಕ ಬಿಟ್ಟು ಚೀಲದ ಲೆಕ್ಕದಲ್ಲಿ ಜೋಳ ಕೊಟ್ಟರೆ ಏನಾಗುತ್ತದೋ ಅದೇ. ಬಾಬ್ ಬ್ರಿಸ್ಕೋ ಎಂಬ ಸಂಶೋಧಕರು 2007ರಲ್ಲಿ, ಕನೆಕ್ಷನ್‌ಗಳ ನಡುವಿನ ಸಮಾನತೆಯನ್ನು ನ್ಯಾಯ ಎಂದು ನಂಬುವುದು ಮತಧರ್ಮದಂತಾಗಿಬಿಟ್ಟಿದೆ ಎಂದು ಖಾರವಾಗಿ ಬರೆದರು. ಆ ಲೇಖನ ಅನೇಕರಿಗೆ ಹಿಡಿಸಲಿಲ್ಲ. ನನಗೆ ಅವರ ಪರಿಹಾರ ಪೂರ್ತಿ ಒಪ್ಪಿಗೆಯಾಗುವುದಿಲ್ಲ, ರೋಗ ಗುರುತಿಸಿದ್ದು ಮಾತ್ರ ಸರಿಯಾಗಿಯೇ ಇದೆ.

ಇದಕ್ಕೆ ಟಿಸಿಪಿಯ ಕಡೆಯವರು ಹೇಳುವ ಮಾತೂ ಇದೆ. ನಿಯಮವನ್ನು ಇನ್ನಷ್ಟು ಜಾಣ ಮಾಡಿದರಾಯಿತು ಎನ್ನುತ್ತಾರೆ. ಗೂಗಲ್ 2016ರಲ್ಲಿ ಬಿಬಿಆರ್ ಎಂಬುದನ್ನು ತಂದಿತು, ಅದನ್ನು ರೂಪಿಸಿದವರಲ್ಲಿ ಜೇಕಬ್‌ಸನ್ ಕೂಡ ಇದ್ದರು. ಪ್ಯಾಕೆಟ್ ಬೀಳುವುದನ್ನು ಕಾಯದೆ, ಲೈನಿನ ವೇಗವನ್ನೂ ದೂರವನ್ನೂ ತಾನೇ ಅಳೆದು ಅಷ್ಟೇ ಕಳಿಸುವುದು ಅದರ ಬಗೆ. ಸಾಲು ಬೆಳೆಸದಿರುವುದರಲ್ಲಿ ಅದು ಮೇಲು. ಆದರೆ ಬಿದ್ದ ಪ್ಯಾಕೆಟ್ಟಿಗೆ ಹೆದರದ ಒಬ್ಬನು, ಹೆದರಿ ಇಳಿಯುವ ಕ್ಯೂಬಿಕ್‌ನವರ ಜೊತೆ ಗಿಡ್ಡ ಸಾಲಿನ ಲೈನಿಗೆ ಬಂದರೆ, ಬಿಬಿಆರ್‌ನ ಮೊದಲ ಆವೃತ್ತಿ ತನ್ನ ಪಾಲಿಗಿಂತ ಬಹಳ ಹೆಚ್ಚು ಹಿಡಿದುಕೊಳ್ಳುತ್ತಿದ್ದದ್ದು ಪ್ರಯೋಗಗಳಲ್ಲಿ ಕಂಡಿದೆ. ಅರ್ಧರ್ಧ ಕಳೆಯುವ ನಿಯಮ ಸಮಪಾಲು ತರುವುದು ಎಲ್ಲರೂ ಅದನ್ನೇ ಪಾಲಿಸಿದಾಗ. ಪಾಲಿಸದವನನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ನನ್ನ ವಾದಕ್ಕೆ ದೊಡ್ಡ ಆಧಾರ ಸಿಗುವುದು ಜೇಕಬ್‌ಸನ್ ಅವರ 1988ರ ಪ್ರಬಂಧದಲ್ಲೇ. ತುದಿಯಲ್ಲಿರುವ ಯಂತ್ರಗಳು ಲೈನು ಕುಸಿಯದಂತೆ ನೋಡಿಕೊಳ್ಳಬಹುದು, ಆದರೆ ನ್ಯಾಯವಾಗಿ ಹಂಚಿಕೆಯಾಗುವಂತೆ ನೋಡಿಕೊಳ್ಳಲಾರವು, ಎಲ್ಲ ಹರಿವುಗಳೂ ಬಂದು ಸೇರುವ ರೌಟರಿನಲ್ಲಿ ಮಾತ್ರ ಅದಕ್ಕೆ ಬೇಕಾದ ತಿಳಿವಳಿಕೆ ಇರುತ್ತದೆ ಎಂದು ಅವರು ಅಲ್ಲೇ ಹೇಳಿದ್ದಾರೆ. ಅಂದರೆ ನಿಯಮ ಕಟ್ಟಿದವರೇ ಅದಕ್ಕೆ ಹೊರಿಸದ ಹೊರೆಯನ್ನು ಆಮೇಲೆ ಪಠ್ಯಪುಸ್ತಕಗಳು ಹೊರಿಸಿದವು. ಲೈನು ಕುಸಿಯದಂತೆ ಕಾಯುವುದು ಟಿಸಿಪಿಯ ಕೆಲಸ. ಯಾರು ಒಬ್ಬರು, ಯಾರು ಎಂಟು ಎಂದು ಎಣಿಸುವುದು ಇಕ್ಕಟ್ಟಿನ ಬಾಯಲ್ಲಿ ಕೂತಿರುವ ಪೆಟ್ಟಿಗೆಯ ಕೆಲಸ.

ಆ ಪೆಟ್ಟಿಗೆಗೆ ಎಣಿಸಲು ಕಲಿಸುವುದು ಈಗ ಕಷ್ಟವಲ್ಲ, ಅದರಲ್ಲಿ ನಮ್ಮವರ ಕೈಯೂ ಇದೆ. ಹರಿವುಗಳನ್ನು ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸಿ ಸರದಿಯಂತೆ ಬಿಡುವ ಎಫ್‌ಕ್ಯೂ-ಪೈ ಎಂಬ ಬಗೆಯನ್ನು ಲಿನಕ್ಸಿಗೆ ಸೇರಿಸಿದ್ದು ಸುರತ್ಕಲ್ಲಿನ ಎನ್‌ಐಟಿಕೆಯ ಅಧ್ಯಾಪಕ ಮೋಹಿತ್ ತಾಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು. 2020ರಲ್ಲಿ ಬಂದ ಲಿನಕ್ಸ್ 5.6ರಲ್ಲಿ ಅದು ಸೇರಿತು. ಹೀಗೆ ಬೇರ್ಪಡಿಸಿದರೆ ಅರ್ಜಿಯ ಪುಟ ಇನ್ನೂರರ ಹಿಂದೆ ನಿಲ್ಲಬೇಕಿಲ್ಲ, ತನ್ನದೇ ಗಿಡ್ಡ ಸಾಲಿನಿಂದ ಬೇಗ ಹೊರಬೀಳುತ್ತದೆ. ಆದರೆ ಅದೂ ಎಣಿಸುವುದು ಕನೆಕ್ಷನ್‌ಗಳನ್ನೇ, ಹುಡುಗನಿಗೆ ಆಗಲೂ ಎಂಟು ಸಾಲು. ಅಂಗಡಿಗೆ ಬೇಕಾದದ್ದು ಯಂತ್ರಗಳನ್ನು ಎಣಿಸುವ ಬಗೆ. ಕೇಕ್ ಎಂಬುದು ಅದನ್ನು ಮಾಡುತ್ತದೆ, 2018ರ ಲಿನಕ್ಸ್ 4.19ರಿಂದ ಅದರೊಳಗೇ ಇದೆ. ಓಪನ್‌ಡಬ್ಲ್ಯುಆರ್‌ಟಿ ಹಾಕಿದ್ದ ಹಳೆಯ ರೌಟರೊಂದನ್ನು ಬೆಂಗಳೂರಿನಿಂದ ತಂದಿದ್ದೆ. ಅದರಲ್ಲಿ ಕೊಟ್ಟ ಆಜ್ಞೆ ಇಷ್ಟೇ:

```
tc qdisc replace dev br-lan root cake bandwidth 9mbit dual-dsthost
```

ಹತ್ತರ ಲೈನಿಗೆ ಒಂಬತ್ತು ಎಂದು ಬರೆದದ್ದು ಬೇಕೆಂದೇ. ಆಚೆ ಕಡೆಯ ಪೆಟ್ಟಿಗೆಯಲ್ಲಿ ಸಾಲು ಬೆಳೆದರೆ ಅದು ನಮ್ಮ ಮಾತು ಕೇಳುವುದಿಲ್ಲ. ಒಂದು ಎಂಬಿಪಿಎಸ್ ಬಿಟ್ಟುಕೊಟ್ಟು, ಇಕ್ಕಟ್ಟನ್ನು ನಮ್ಮ ಪೆಟ್ಟಿಗೆಯೊಳಗೇ ತಂದುಕೊಂಡರೆ ಎಣಿಕೆ ನಮ್ಮದಾಗುತ್ತದೆ. ಕೊನೆಯ ಪದ ಹೇಳುವುದು ಯಾವ ಯಂತ್ರಕ್ಕೆ ಹೋಗುತ್ತಿದೆಯೋ ಆ ಯಂತ್ರದ ಲೆಕ್ಕದಲ್ಲಿ ಮೊದಲು ಪಾಲು ಮಾಡು, ಆಮೇಲೆ ಅದರೊಳಗಿನ ಕನೆಕ್ಷನ್‌ಗಳಿಗೆ ಹಂಚು ಎಂದು. ಹುಡುಗನ ಡೌನ್‌ಲೋಡಿನಲ್ಲಿ ಈಗಲೂ ಎಂಟು ಕನೆಕ್ಷನ್ ಇವೆ. ಎಂಟೂ ಸೇರಿ ನಾಲ್ಕೂವರೆ ಎಂಬಿಪಿಎಸ್, ತಮ್ಮನ ಒಂದಕ್ಕೂ ನಾಲ್ಕೂವರೆ.